ಲೇಸರ್ ಪ್ರಿಂಟರಿನೊಳಗಿನ ಕಾಗದದ ಧೂಳು: ಎಲ್ಲಿ ಒರೆಸಬಹುದು, ಎಲ್ಲಿ ಕೈಯಿಡಬಾರದು

ಪ್ರಶ್ನೆ: ನಮ್ಮ ಲೇಸರ್ ಪ್ರಿಂಟರ್ ಕೆಲವು ದಿನಗಳಿಂದ ಒಮ್ಮೆ ಹಾಳೆಯನ್ನೇ ಎಳೆದುಕೊಳ್ಳುವುದಿಲ್ಲ, ಇನ್ನೊಮ್ಮೆ ಎರಡು ಮೂರು ಹಾಳೆಗಳನ್ನು ಒಟ್ಟಿಗೆ ಎಳೆಯುತ್ತದೆ. ಟ್ರೇ ಹೊರತೆಗೆದು ನೋಡಿದರೆ ಒಳಗೆಲ್ಲ ಬಿಳಿ ಪುಡಿ, ಕಾಗದದ ನಾರು. ಸ್ಪಿರಿಟ್ ಹಾಕಿ ಒರೆಸಬಹುದೇ? ಯಾವುದನ್ನು ಮುಟ್ಟಬಾರದು?

ಉತ್ತರ: ಆ ಬಿಳಿ ಪುಡಿ ಹೊರಗಿನಿಂದ ಬಂದ ಧೂಳಲ್ಲ, ಬಹುಪಾಲು ಕಾಗದದ್ದೇ. ಹಾಳೆ ಕತ್ತರಿಸಿದ ಅಂಚಿನಿಂದ ಉದುರುವ ನಾರಿನ ಜೊತೆಗೆ, ಕಾಗದಕ್ಕೆ ಬಿಳುಪು ಬರಲೆಂದು ತಯಾರಿಕೆಯಲ್ಲಿ ಬೆರೆಸುವ ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿಯೂ ಅದರಲ್ಲಿರುತ್ತದೆ. ನೀವು ಹೇಳುವ ಎರಡು ತೊಂದರೆಗಳಿಗೂ ಅದೇ ಕಾರಣವಿರಬಹುದು. ಟ್ರೇಯ ಮೇಲಿನ ರಬ್ಬರ್ ಪಿಕಪ್ ರೋಲರ್ ಮೇಲಿನ ಹಾಳೆಯನ್ನು ಮುಂದಕ್ಕೆ ಎಳೆಯುತ್ತದೆ. ಅದರ ಎದುರಿಗಿರುವ ಸಣ್ಣ ಸೆಪರೇಶನ್ ಪ್ಯಾಡ್ ಕೆಳಗಿನ ಹಾಳೆಯನ್ನು ತಡೆದು ನಿಲ್ಲಿಸುತ್ತದೆ. ರೋಲರಿನ ಮೇಲೆ ಪುಡಿ ಕೂತರೆ ಹಿಡಿತ ತಪ್ಪಿ ಹಾಳೆ ಏಳುವುದೇ ಇಲ್ಲ, ಪ್ಯಾಡಿನ ಮೇಲೆ ಕೂತರೆ ಕೆಳಗಿನ ಹಾಳೆಯೂ ಜೊತೆಗೆ ಜಾರಿ ಬರುತ್ತದೆ. ಆದ್ದರಿಂದ ಒಳಗಿನ ಎಲ್ಲವನ್ನೂ ತಿಕ್ಕುವ ಅಗತ್ಯವಿಲ್ಲ, ಈ ಎರಡು ಭಾಗಗಳನ್ನು ಸರಿಯಾಗಿ ಒರೆಸಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಮೊದಲು ಪ್ರಿಂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಅರ್ಧ ಗಂಟೆ ಆರಲು ಬಿಡಿ. ಟೋನರನ್ನು ಕರಗಿಸಿ ಹಾಳೆಗೆ ಅಂಟಿಸುವ ಫ್ಯೂಸರ್ ಭಾಗ ಕೆಲಸ ಮಾಡುವಾಗ ಸುಮಾರು 200 ಡಿಗ್ರಿ ಸೆಲ್ಸಿಯಸ್ ತನಕ ಬಿಸಿಯಾಗಿರುತ್ತದೆ. ಬಳಿಕ ಟೋನರ್ ಕಾರ್ಟ್ರಿಜ್ ಹೊರತೆಗೆದು ದಪ್ಪ ಬಟ್ಟೆಯಿಂದ ಮುಚ್ಚಿಡಿ, ಏಕೆಂದರೆ ಅದರೊಂದಿಗೇ ಇರುವ ಡ್ರಮ್ಮಿನ ಮೇಲೆ ಹೆಚ್ಚು ಹೊತ್ತು ಬೆಳಕು ಬಿದ್ದರೆ ಅದು ಹಾಳಾಗುತ್ತದೆ.

ನಾರು ಬಿಡದ ಬಟ್ಟೆಯೊಂದನ್ನು, ಕನ್ನಡಕ ಒರೆಸುವಂಥದ್ದಾದರೂ ಸಾಕು, ಶುದ್ಧ ನೀರಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಂತೆ ಚೆನ್ನಾಗಿ ಹಿಂಡಿ. ಟಿಶ್ಯೂ ಕಾಗದ ಬೇಡ. ತೆಗೆಯಹೊರಟ ನಾರನ್ನೇ ಅದು ಮತ್ತೆ ಬಿಟ್ಟುಹೋಗುತ್ತದೆ. ರೋಲರನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಅದರ ಸುತ್ತಲೂ ಒರೆಸಿದರೆ ಬಟ್ಟೆಯ ಮೇಲೆ ಬೂದುಬಣ್ಣದ ಪಟ್ಟಿ ಮೂಡುತ್ತದೆ. ಬಟ್ಟೆಯ ಹೊಸ ಮಗ್ಗುಲು ಬಳಸುತ್ತ, ಆ ಪಟ್ಟಿ ಕಾಣದಾಗುವ ತನಕ ಒರೆಸಿ, ಪೂರ್ತಿ ಒಣಗಲು ಬಿಡಿ. ಪ್ಯಾಡಿಗೂ ಇದೇ ಕ್ರಮ. ಒರೆಸಿದ ಮೇಲೆ ಬೆರಳಿನಿಂದ ಮುಟ್ಟಿ ನೋಡಬೇಡಿ, ಚರ್ಮದ ಜಿಡ್ಡು ಹಿಡಿತವನ್ನು ಮತ್ತೆ ಕಡಿಮೆ ಮಾಡುತ್ತದೆ. ಅದರ ಬದಲು ರೋಲರನ್ನು ಅಂಚಿನಲ್ಲಿ ಹಿಡಿದು, ಒಂದು ಕಾಗದದ ಚೂರನ್ನು ಅದಕ್ಕೆ ಒತ್ತಿ ಎಳೆಯಿರಿ. ಚೂರು ಸಲೀಸಾಗಿ ಜಾರದೆ ತಡೆದರೆ ಹಿಡಿತ ಮರಳಿದೆ ಎಂದರ್ಥ.

ಸ್ಪಿರಿಟ್ ಬಗ್ಗೆ ನನ್ನ ಅಭಿಪ್ರಾಯವೆಂದರೆ, ನೀರಿನಿಂದ ಹೋಗದ ಕಲೆಗೆ ಮಾತ್ರ ಬಟ್ಟೆಗೆ ಕೆಲವೇ ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒಮ್ಮೆ ಒರೆಸಬಹುದು. ಪದೇ ಪದೇ ಹಚ್ಚಿದರೆ ರಬ್ಬರ್ ಒಣಗಿ ಗಡುಸಾಗುತ್ತದೆ. ಥಿನ್ನರ್, ಪೆಟ್ರೋಲ್, ಅಸಿಟೋನ್ ಇವುಗಳ ಹತ್ತಿರವೂ ಸುಳಿಯಬೇಡಿ. ಅವು ರಬ್ಬರನ್ನಷ್ಟೇ ಅಲ್ಲ, ಪ್ಲಾಸ್ಟಿಕ್ಕನ್ನೂ ತಿನ್ನುತ್ತವೆ.

ಟ್ರೇಯ ತಳ ಹಾಗೂ ಪ್ಲಾಸ್ಟಿಕ್ ಗೋಡೆಗಳನ್ನು ಒಣ ಬಟ್ಟೆಯಿಂದ ಒರೆಸಿ, ಮೂಲೆಗಳ ಪುಡಿಯನ್ನು ಮೆತ್ತನೆಯ ಕುಂಚದಿಂದ ಹೊರಗಿನ ಕಡೆಗೇ ಗುಡಿಸಿ. ಹಾಳೆಯ ದಾರಿಯಲ್ಲಿ ತಾಗಿದರೆ ವಾಲುವ ಸಣ್ಣ ಪ್ಲಾಸ್ಟಿಕ್ ಸನ್ನೆಗಳಿರುತ್ತವೆ, ಅವು ಸೆನ್ಸರಿನವು. ಅವುಗಳ ಬುಡದಲ್ಲಿ ಕಾಗದದ ಚೂರು ಸಿಕ್ಕಿಕೊಂಡರೆ, ಹಾಳೆ ಸಿಲುಕದಿದ್ದರೂ ಸಿಲುಕಿದೆ ಎಂಬ ಸೂಚನೆ ಬರುತ್ತಿರುತ್ತದೆ. ಗಾಳಿ ಊದುವ ಡಬ್ಬಿಯನ್ನು ಒಳಗೆ ಬಳಸಬೇಡಿ: ಕಣ್ಣೆದುರಿನ ಪುಡಿಯನ್ನು ಅದು ಲೇಸರ್ ಕನ್ನಡಿಯವರೆಗೂ ನೂಕಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರೂ ಬೇಡ. ಟೋನರ್ ಕಣಗಳು ಎಷ್ಟು ಸಣ್ಣವೆಂದರೆ ಸಾಮಾನ್ಯ ಫಿಲ್ಟರಿನಿಂದ ನುಸುಳಿ ಕೋಣೆಗೇ ಬರುತ್ತವೆ. ಚೆಲ್ಲಿದ ಟೋನರನ್ನು ಒಣ ಬಟ್ಟೆಯಿಂದ ತೆಗೆಯಿರಿ; ಕೈಗೆ ಅಂಟಿದ್ದನ್ನು ತಣ್ಣೀರಿನಲ್ಲಿ ತೊಳೆಯಿರಿ, ಬಿಸಿನೀರಿಗೆ ಅದು ಇನ್ನಷ್ಟು ಅಂಟುತ್ತದೆ.

ಮುಟ್ಟಲೇಬಾರದ್ದು ಮೂರು. ಡ್ರಮ್ಮಿನ ಹೊಳೆಯುವ ಮೇಲ್ಮೈ, ಕಾರ್ಟ್ರಿಜ್ ಕೂರುವ ಜಾಗದ ಕೆಳಗಿರುವ ಕಪ್ಪು ಸ್ಪಂಜಿನಂಥ ಟ್ರಾನ್ಸ್‌ಫರ್ ರೋಲರ್, ಮತ್ತು ಫ್ಯೂಸರ್. ಮೊದಲೆರಡರ ಮೇಲೆ ಬೆರಳಚ್ಚು ಬಿದ್ದರೆ ಮುದ್ರಣದಲ್ಲಿ ಕಲೆ ಕಾಣಿಸಿಕೊಳ್ಳುತ್ತದೆ. ಒಂದೇ ಚುಕ್ಕೆ ಹಾಳೆಯುದ್ದಕ್ಕೂ ಸಮಾನ ಅಂತರದಲ್ಲಿ ಮರುಕಳಿಸುತ್ತಿದ್ದರೆ ಯಾವುದೋ ಒಂದು ಉರುಳೆಯ ಮೇಲೆ ದೋಷವಿದೆ ಎಂದು ತಿಳಿಯಬಹುದು. ಉದಾಹರಣೆಗೆ 24 ಮಿ.ಮೀ. ವ್ಯಾಸದ ಡ್ರಮ್ ಆದರೆ ಆ ಅಂತರ ಸುಮಾರು 75 ಮಿ.ಮೀ. ಇರುತ್ತದೆ. ಇಂಥ ದೋಷವನ್ನು ಒರೆಸಿ ಸರಿಪಡಿಸಲು ಹೋಗದೆ ಕಾರ್ಟ್ರಿಜ್ ಬದಲಿಸಿ ನೋಡುವುದೇ ಲೇಸು.

ಎಲ್ಲ ಒಣಗಿದ ಮೇಲೆ ಮರುಜೋಡಿಸಿ ಹತ್ತಾರು ಹಾಳೆ ಮುದ್ರಿಸಿ. ಒರೆಸಿದರೂ ರೋಲರ್ ಗಾಜಿನಂತೆ ಹೊಳೆಯುತ್ತಿದ್ದರೆ, ಅಥವಾ ಕೆಲವೇ ದಿನಗಳಲ್ಲಿ ತೊಂದರೆ ಮರಳಿದರೆ, ರಬ್ಬರ್ ಸವೆದಿದೆ. ಆಗ ರೋಲರ್ ಮತ್ತು ಪ್ಯಾಡ್ ಎರಡನ್ನೂ ಒಟ್ಟಿಗೇ ಬದಲಿಸಿ, ಏಕೆಂದರೆ ಹೊಸ ರೋಲರಿನ ಎದುರು ಸವೆದ ಪ್ಯಾಡ್ ಉಳಿದರೆ ಹಾಳೆಗಳು ಜೋಡಿಯಾಗಿ ಬರುವುದು ನಿಲ್ಲುವುದಿಲ್ಲ.