ಒಂದೇ ಸಂಖ್ಯೆ ಎರಡು ಸಲ ಬಂದಾಗ ಸೈಕ್ಲಿಕ್ ಸಾರ್ಟ್ ನಿಲ್ಲದಿರುವುದೇಕೆ?

ಪ್ರಶ್ನೆ: «ಪಟ್ಟಿಯಲ್ಲಿಲ್ಲದ ಅತಿ ಚಿಕ್ಕ ಧನ ಪೂರ್ಣಾಂಕ ಹುಡುಕುವ ನನ್ನ ಪೈಥಾನ್ ಕೋಡ್ `[3, 4, -1, 1]`ಕ್ಕೆ 2 ಎಂದು ಸರಿಯಾಗಿ ಹೇಳುತ್ತದೆ, `[1, 1]` ಕೊಟ್ಟರೆ ನಿಲ್ಲುವುದೇ ಇಲ್ಲ. ಷರತ್ತು `1 <= a[i] <= n and a[i] != i+1`. ತಪ್ಪೆಲ್ಲಿದೆ?»

ಸೈಕ್ಲಿಕ್ ಸಾರ್ಟ್ ಎಂದರೆ, ಪಟ್ಟಿಯ ಉದ್ದ `n` ಆಗಿದ್ದಾಗ, 1ರಿಂದ `n`ವರೆಗಿನ ಪ್ರತಿ ಸಂಖ್ಯೆ `x`ನ್ನು ಅದಲುಬದಲು ಮಾಡುತ್ತಾ ಅದರ ಮನೆಯಾದ `x-1`ರ ಸ್ಥಾನಕ್ಕೆ ಸೇರಿಸುವುದು. ನಿಮ್ಮ ಷರತ್ತು ಈ ಸ್ಥಾನದಲ್ಲಿ ಸರಿಯಾದ ಸಂಖ್ಯೆ ಇದೆಯೇ ಎಂದು ಕೇಳುತ್ತದೆ. ಕೇಳಬೇಕಾದದ್ದು, ಈ ಸಂಖ್ಯೆ ಹೋಗಬೇಕಾದ ಸ್ಥಾನದಲ್ಲಿ ಅದೇ ಸಂಖ್ಯೆ ಈಗಾಗಲೇ ಕುಳಿತಿದೆಯೇ ಎಂದು. `[1, 1]`ರಲ್ಲಿ `i = 1` ಆದಾಗ, ಅಲ್ಲಿರುವ 1 ತನ್ನ ಮನೆಯಾದ ಸೊನ್ನೆಯ ಸ್ಥಾನಕ್ಕೆ ಹೊರಟು, ಅಲ್ಲಿದ್ದ ಇನ್ನೊಂದು 1ನ್ನು ಹಿಂದಕ್ಕೆ ಕಳುಹಿಸುವುದರಿಂದ ಪಟ್ಟಿ ಬದಲಾಗದೆ ಲೂಪ್ ಅನಂತವಾಗುತ್ತದೆ.

```
while 1 <= a[i] <= n and a[i] != a[a[i]-1]:
    j = a[i] - 1
    a[i], a[j] = a[j], a[i]
```

`j`ಯನ್ನು ಮೊದಲೇ ತೆಗೆದಿಡುವುದು ಅನಗತ್ಯವೆಂದು ತೋರಬಹುದು. ಆದರೆ `a[i], a[a[i]-1] = …` ಎಂದು ಬರೆದರೆ ಪೈಥಾನ್ ಎಡಬದಿಯ `a[i]`ಗೆ ಮೊದಲು ಬೆಲೆ ಕೊಟ್ಟು, ಆ ಹೊಸ ಬೆಲೆಯಿಂದಲೇ ಎರಡನೆಯ ಸ್ಥಾನವನ್ನು ಲೆಕ್ಕಹಾಕಿ ತಪ್ಪು ಜಾಗಕ್ಕೆ ಬರೆಯುತ್ತದೆ.

ನಿಮ್ಮ ಮೊದಲ ಉದಾಹರಣೆ `[3, 4, -1, 1]` ಮೊದಲು `[-1, 4, 3, 1]`, ನಂತರ `[-1, 1, 3, 4]` ಎಂದು ಬದಲಾಗಿ `[1, -1, 3, 4]`ಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಅದಲುಬದಲು ಒಂದು ಸಂಖ್ಯೆಯನ್ನು ಶಾಶ್ವತವಾಗಿ ಮನೆ ಸೇರಿಸುವುದರಿಂದ, ಒಳಗೊಂದು `while` ಇದ್ದರೂ ಒಟ್ಟು ಅದಲುಬದಲುಗಳು `n` ಮೀರುವುದಿಲ್ಲ. `[1, 1]`ಕ್ಕೆ ಈಗ ಉತ್ತರ 2. ಎಲ್ಲವೂ ಸ್ವಸ್ಥಾನದಲ್ಲಿದ್ದರೆ ಕೊನೆಗೆ `n+1` ಹಿಂತಿರುಗಿಸಿ.