ಶಿಫ್ಟ್ ಶುರುವಿನಲ್ಲಿ ತೆಗೆದೆ, ಕೊನೆಯಲ್ಲಿ ಬಿಟ್ಟೆ

ಮೇಡಂ, ನಾನು ಕಂಟೆಂಟ್ ಮಾಡರೇಟರ್. ಜನ ಹಾಕುವ ಪೋಸ್ಟ್, ಕಾಮೆಂಟ್ ನೋಡಿ ನಿಯಮ ಮೀರಿದ್ದನ್ನು ತೆಗೆಯೋದು ಕೆಲಸ. ಒಂಬತ್ತು ಗಂಟೆಯ ಶಿಫ್ಟ್. ಹೋದ ವಾರ ನಮ್ಮ ನಿರ್ಧಾರಗಳನ್ನು ಮತ್ತೆ ಪರಿಶೀಲಿಸುವ ಆಡಿಟ್‌ನಲ್ಲಿ ಸಿಕ್ಕಿಬಿದ್ದೆ. ‘ನಿನ್ನಂಥವಳು ಬದುಕಿ ಏನು ಪ್ರಯೋಜನ’ ಎಂಬ ಕಾಮೆಂಟನ್ನು ಮೊದಲ ಗಂಟೆಯಲ್ಲಿ ತೆಗೆದಿದ್ದೆ. ಅದೇ ಸಾಲು ಎಂಟನೇ ಗಂಟೆಯಲ್ಲಿ ಬೇರೆ ಖಾತೆಯಿಂದ ಬಂದಾಗ ಬಿಟ್ಟಿದ್ದೇನೆ. ಎರಡೂ ಸರಿ ಅಂತಲೇ ಆಗ ಅನ್ನಿಸಿತ್ತು. ನೋಡಿ ಮುಗಿಸಿದ ಪೋಸ್ಟ್‌ಗಳ ಎಣಿಕೆ ಇಳಿಯುತ್ತೆ ಅಂತ ಬ್ರೇಕ್ ತಗೊಳ್ಳೋದೂ ಕಡಿಮೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ವಾ?

ಆ ಎಂಟನೇ ಗಂಟೆಯ ಕಾಮೆಂಟಿಗೆ ಮುಂಚೆ ನೀವು ನೋಡಿದ ಹತ್ತು ಪೋಸ್ಟ್‌ಗಳು ಯಾವುವು? ಸಿಸ್ಟಮ್‌ನಲ್ಲಿ ತೆಗೆದು ನೋಡಿ. ಹೊಡೆದಾಟದ ವಿಡಿಯೊ, ರಕ್ತ, ಕೊಲೆ ಬೆದರಿಕೆ ಇದ್ದವು ಅಂತ ನನ್ನ ಊಹೆ. ಅಷ್ಟನ್ನು ನೋಡಿದ ಮೇಲೆ ಯಾರೋ ಯಾರಿಗೋ ಚುಚ್ಚಿ ಮಾತಾಡಿದ್ದು ಸಪ್ಪೆಯಾಗಿ ಕಾಣುತ್ತದೆ. ಬಿಸಿಲಿನಿಂದ ಒಳಗೆ ಬಂದಾಗ ದೀಪ ಹಚ್ಚಿದ್ದರೂ ಕೋಣೆ ಕತ್ತಲು ಅನ್ನಿಸುತ್ತದಲ್ಲ, ಹಾಗೆ. ಎದುರಿಗಿರುವುದನ್ನು ನೀವು ನಿಯಮದ ಜೊತೆ ಹೋಲಿಸುವ ಬದಲು, ಹಿಂದಿನ ಪೋಸ್ಟ್ ಜೊತೆ ಹೋಲಿಸುತ್ತಿದ್ದೀರಿ. ಇದು ಗೊತ್ತಾಗದೆ ಆಗುತ್ತದೆ. ಅದಕ್ಕೇ ಎರಡೂ ಸಲ ಸರಿ ಅನ್ನಿಸಿದ್ದು.

ನಾನೂ ಕೆಲವು ವರ್ಷ ಇದೇ ಕೆಲಸ ಮಾಡಿದವಳು. ನನಗೆ ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಪುಸ್ತಕ. ತೆಗೆಯಬೇಕೋ ಬಿಡಬೇಕೋ ಎಂಬ ಗಡಿಯಲ್ಲಿ ನಿಲ್ಲುವ ಪೋಸ್ಟ್ ಬಂದಾಗ ಮಾತ್ರ ಅದರಲ್ಲಿ ಒಂದು ಸಾಲು ಬರೆಯುತ್ತಿದ್ದೆ: ಯಾವ ನಿಯಮ, ಏನು ನಿರ್ಧಾರ, ಯಾಕೆ. ‘ಕೆಟ್ಟದಾಗಿದೆ’ ಅಂತ ಬರೆದರೆ ಅದರಿಂದ ಏನೂ ಸಿಗುವುದಿಲ್ಲ. ನಿಮ್ಮ ಕಾಮೆಂಟಿನ ವಿಷಯದಲ್ಲಿ ಹೀಗೆ ಬರೆಯಬಹುದಿತ್ತು: ‘ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಹೇಳಿದ್ದು. ಸಾಯಬೇಕು ಎಂಬ ಅರ್ಥ ಬರುತ್ತದೆ. ಗೆಳೆಯರ ತಮಾಷೆ ಅನ್ನಲು ಸುಳಿವಿಲ್ಲ. ತೆಗೆದೆ.’ ಎಂಟನೇ ಗಂಟೆಯಲ್ಲಿ ಈ ಮೂರನ್ನು ಅದೇ ಕ್ರಮದಲ್ಲಿ ಕೇಳಿಕೊಂಡರೆ ಸಾಕು. ಆಗ ‘ಇದು ಎಷ್ಟು ಕೆಟ್ಟದು’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅದು ದಣಿದ ತಲೆಗೆ ಕೇಳಬಾರದ ಪ್ರಶ್ನೆ. ಹಾಗಂತ ಸಾಲು ಒಂದೇ ಆದರೂ ಉತ್ತರ ಒಂದೇ ಆಗಬೇಕಿಲ್ಲ. ಎರಡನೆಯದು ಯಾರೋ ತಮಗೆ ಬಂದ ಬೈಗುಳವನ್ನು ತೋರಿಸಿ ದೂರಿದ ಪೋಸ್ಟ್ ಆಗಿದ್ದರೆ ಬಿಟ್ಟದ್ದೇ ಸರಿ. ಇದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಆಡಿಟ್‌ನವರಿಗೂ ತೋರಿಸಬಹುದು. ಆದರೆ ಪುಸ್ತಕದಲ್ಲಿ ಯಾರ ಹೆಸರನ್ನೂ, ಖಾತೆಯನ್ನೂ ಬರೆಯಬೇಡಿ. ಹೊರಗೆ ಒಯ್ಯಬೇಡಿ.

ಇನ್ನೊಂದು ಪರೀಕ್ಷೆ ನೀವೇ ಮಾಡಿಕೊಳ್ಳಿ. ನಿಮ್ಮ ಮೊದಲ ಗಂಟೆಯ ಇಪ್ಪತ್ತು ನಿರ್ಧಾರ, ಕೊನೆಯ ಗಂಟೆಯ ಇಪ್ಪತ್ತು ನಿರ್ಧಾರ ಆರಿಸಿ. ಹಳೆಯ ಉತ್ತರ ಮುಚ್ಚಿಟ್ಟು, ಎರಡನ್ನೂ ಕಲೆಸಿ, ಮರುದಿನ ಶುರುವಿನಲ್ಲಿ ಮತ್ತೆ ತೀರ್ಮಾನಿಸಿ. ಟೂಲ್‌ನಲ್ಲಿ ಆಗದಿದ್ದರೆ ಜೊತೆಯವರೊಬ್ಬರು ಆರಿಸಿಕೊಡಲಿ. ಎಲ್ಲಿ ಬದಲಾಯಿತು ಅಂತ ನೋಡಿ. ಕೊನೆಯ ಗಂಟೆಯವೇ ಜಾಸ್ತಿ ಬದಲಾಗಿದ್ದರೆ ಕಾರಣ ಬಹುಶಃ ದಣಿವು. ಎರಡೂ ಕಡೆ ಒಂದೇ ನಿಯಮದ ಹತ್ತಿರ ಎಡವಿದ್ದರೆ, ತಪ್ಪು ನಿಮ್ಮದಲ್ಲ. ನಿಯಮವೇ ಮಸುಕಾಗಿದೆ, ನಿಯಮ ಮಾಡುವ ಪಾಲಿಸಿ ತಂಡವನ್ನು ಉದಾಹರಣೆ ಸಮೇತ ಕೇಳಬೇಕು. ದಣಿವೋ ನಿಯಮವೋ ಗೊತ್ತಾಗುವ ತನಕ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಬ್ರೇಕ್ ವಿಚಾರಕ್ಕೆ ಬರೋಣ. ಎಣಿಕೆ ಇಳಿಯುವ ಭಯ ನಿಮ್ಮದು, ಅಲ್ವಾ? ಆದರೆ ತಪ್ಪಾಗಿ ತೀರ್ಮಾನಿಸಿದ ಪೋಸ್ಟ್ ಮೇಲ್ಮನವಿಯಲ್ಲಿ ವಾಪಸ್ ಬರುತ್ತದೆ, ಇನ್ನೊಬ್ಬರ ಸಮಯ ತಿನ್ನುತ್ತದೆ. ಮಧ್ಯಾಹ್ನಕ್ಕೆ ಒಂದು ದೊಡ್ಡ ಬ್ರೇಕ್ ಉಳಿಸಿಕೊಂಡು ಎಳೆಯುವುದಕ್ಕಿಂತ ಗಂಟೆಗೊಮ್ಮೆ ಐದು ನಿಮಿಷ ಎದ್ದರೆ ಒಳ್ಳೆಯದು. ದಣಿದೆ ಅನ್ನಿಸಿದ ಮೇಲೆ ಎದ್ದರೆ ತಡವಾಗಿರುತ್ತದೆ, ಆ ಹೊತ್ತಿಗೆ ತೀರ್ಮಾನಗಳು ಜಾರಿರುತ್ತವೆ. ಬ್ರೇಕಿನಲ್ಲಿ ಫೋನ್ ಉಜ್ಜುವುದು ಬ್ರೇಕೇ ಅಲ್ಲ. ಅದೂ ನೋಡಬೇಕಾದ ಪೋಸ್ಟ್‌ಗಳ ಇನ್ನೊಂದು ಕ್ಯೂ. ಕಿಟಕಿಯ ಆಚೆ ದೂರ ನೋಡಿ, ನಡೆಯಿರಿ, ಯಾರ ಜೊತೆಗಾದರೂ ಬೇರೆ ಮಾತಾಡಿ.

ತುಂಬ ಕೆಟ್ಟ ದೃಶ್ಯ ನೋಡಿದ ತಕ್ಷಣ ಮುಂದಿನದನ್ನು ಒತ್ತಬೇಡಿ. ಎರಡು ನಿಮಿಷ ಪರದೆಯಿಂದ ಕಣ್ಣು ತೆಗೆಯಿರಿ. ವಿಡಿಯೊ ನೋಡುವಾಗ ಧ್ವನಿ ಆಫ್ ಮಾಡಿ, ಕಪ್ಪು-ಬಿಳುಪು ಆಯ್ಕೆ ಇದ್ದರೆ ಹಾಕಿ, ಪರದೆಯಲ್ಲಿ ವಿಡಿಯೊದ ಚೌಕಟ್ಟು ಚಿಕ್ಕದು ಮಾಡಿ. ತೀರ್ಮಾನಕ್ಕೆ ಬಣ್ಣ, ಶಬ್ದ ಬೇಕಾದರೆ ಆಗ ತೆರೆದರಾಯಿತು. ರಜೆಯಲ್ಲೂ ದೃಶ್ಯಗಳು ಕಣ್ಮುಂದೆ ಬರುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ಬ್ರೇಕ್ ಸಾಲದು. ಆಗ ಕೌನ್ಸೆಲರ್ ನೋಡಲೇಬೇಕು. ಕ್ಯೂ ಬದಲಿಸಿ ಎಂದೂ ಕೇಳಿ.

ಟೀಮ್ ಲೀಡ್ ಹತ್ತಿರ ‘ಸುಸ್ತಾಗುತ್ತೆ’ ಅಂತ ಸುಮ್ನೆ ಹೇಳಬೇಡಿ. ಆ ನಲವತ್ತು ನಿರ್ಧಾರಗಳ ಹಾಳೆ ಕೈಯಲ್ಲಿ ಹಿಡಿದು ಹೋಗಿ. ಗಂಟೆಗೆ ಐದು ನಿಮಿಷದ ಬ್ರೇಕನ್ನು ಎರಡು ವಾರ ಪ್ರಯೋಗಕ್ಕೆ ಕೇಳಿ, ಅದಾದ ಮೇಲೆ ಇದೇ ಪರೀಕ್ಷೆ ಮತ್ತೆ ಮಾಡುತ್ತೇನೆ ಅನ್ನಿ.