ಇಂಟರ್‌ವ್ಯೂ ಆಗಿ ಎರಡು ವಾರ, ಉತ್ತರವಿಲ್ಲ: ಮೇಲ್ ಕಳಿಸಲಾ?

ಪ್ರಶ್ನೆ: ಬಿ.ಕಾಂ. ಮುಗಿಸಿ ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿ ಒಂದು ವರ್ಷ ಕೆಲಸ ಕಲಿತಿದ್ದೇನೆ. ಇದೇ 5ರ ಗುರುವಾರ ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಎಕ್ಸಿಕ್ಯುಟಿವ್ ಕೆಲಸಕ್ಕೆ ಇಂಟರ್‌ವ್ಯೂ ಆಯಿತು. ಫೈನಾನ್ಸ್ ಮ್ಯಾನೇಜರ್ ಮುಕ್ಕಾಲು ಗಂಟೆ ಮಾತಾಡಿಸಿದರು. ಎಚ್‌ಆರ್ ಮೇಡಂ "ಮುಂದಿನ ವಾರದ ಕೊನೆಯೊಳಗೆ ತಿಳಿಸ್ತೀವಿ" ಅಂದರು. ಇವತ್ತು 18, ಸುದ್ದಿಯೇ ಇಲ್ಲ. ಇಲ್ಲಿ ಇನ್ನೊಬ್ಬ ಆಡಿಟರ್ ಕೆಲಸ ಕೊಡುತ್ತೇನೆ, 28ರೊಳಗೆ ಹೇಳು ಅಂದಿದ್ದಾರೆ. ನನಗೆ ಬೆಂಗಳೂರಿನದ್ದೇ ಬೇಕು. ಮೇಲ್ ಕಳಿಸಿದರೆ ಕೆಲಸಕ್ಕೆ ಅಂಗಲಾಚುತ್ತಿದ್ದೀಯ ಅಂದುಕೊಳ್ಳುತ್ತಾರೆ ಅಂತಾಳೆ ಗೆಳತಿ. ದಿನಾ ಫೋನ್ ಮಾಡು ಅಂತಾನೆ ಅಣ್ಣ. ನಾನು ಬರೆದಿಟ್ಟ ಮೇಲ್ ಇದು: "ರೆಸ್ಪೆಕ್ಟೆಡ್ ಸರ್/ಮೇಡಂ, ಇನ್ನೂ ರಿಪ್ಲೈ ಬಂದಿಲ್ಲ. ಮನೆಯಲ್ಲಿ ತುಂಬಾ ಕಷ್ಟ ಇದೆ. ದಯವಿಟ್ಟು ಆದಷ್ಟು ಬೇಗ ತಿಳಿಸಿ." ಕಳಿಸಲಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ಮೇಲ್ ಕಳಿಸಿ. ಆದರೆ ಇದನ್ನಲ್ಲ, ಮತ್ತು ಇವತ್ತು ರಾತ್ರಿ ಅಲ್ಲ. ನಾಳೆ, ಗುರುವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಕಳಿಸಿ.

ಅದಕ್ಕೂ ಮೊದಲು ನಿಮ್ಮ ಮೇಲ್‌ನ ಸ್ಪ್ಯಾಮ್ ಫೋಲ್ಡರ್ ತೆರೆದು ನೋಡಿ. ಪ್ರಮೋಷನ್ಸ್ ಅನ್ನುವ ವಿಭಾಗವಿದ್ದರೆ ಅದನ್ನೂ ನೋಡಿ. ಕಂಪನಿಗಳ ನೇಮಕಾತಿ ಸಾಫ್ಟ್‌ವೇರ್ ತಾನಾಗಿ ಕಳಿಸುವ ಮೇಲ್‌ಗಳು ಅಲ್ಲಿ ಹೋಗಿ ಬೀಳುವುದುಂಟು. ಉತ್ತರ ಅಲ್ಲೇ ಕೂತಿದ್ದರೆ "ಯಾಕೆ ಉತ್ತರ ಕೊಟ್ಟಿಲ್ಲ" ಎಂದು ಕೇಳಿ ಮುಜುಗರ ಪಡುವುದು ಬೇಡ. ರೆಸ್ಯೂಮೆಯಲ್ಲಿ ನಿಮ್ಮ ಮೇಲ್ ವಿಳಾಸ, ಫೋನ್ ನಂಬರ್ ಸರಿಯಾಗಿವೆಯೇ ಅಂತಲೂ ಒಮ್ಮೆ ಕಣ್ಣಾಡಿಸಿ.

ಈಗ ದಿನದ ಲೆಕ್ಕಕ್ಕೆ ಬರೋಣ. ಅವರು ಹೇಳಿದ "ಮುಂದಿನ ವಾರದ ಕೊನೆ" ಅಂದರೆ 13ರ ಶುಕ್ರವಾರ. ಕಂಪನಿಯವರೇ ಒಂದು ದಿನ ಹೇಳಿದ್ದರೆ ಅದಕ್ಕೂ ಮೊದಲು ಕೇಳಬಾರದು. ಅದು ದಾಟಿದ ಮೇಲೆ ಎರಡು ಕೆಲಸದ ದಿನ ಬಿಟ್ಟು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಿಮ್ಮ ವಿಷಯದಲ್ಲಿ ಸೋಮವಾರ, ಮಂಗಳವಾರ ಕಳೆದೇ ಹೋಗಿವೆ. ದಿನವನ್ನೇ ಹೇಳದೆ "ತಿಳಿಸ್ತೀವಿ" ಎಂದಷ್ಟೇ ಹೇಳಿ ಕಳಿಸಿದ್ದರೆ, ಇಂಟರ್‌ವ್ಯೂ ಆದ ಒಂದು ವಾರದ ನಂತರ ಕೇಳಬಹುದು ಅನ್ನುತ್ತಿದ್ದೆ. ಸೋಮವಾರ ಬೆಳಿಗ್ಗೆ ಎಚ್‌ಆರ್‌ನವರ ಇನ್‌ಬಾಕ್ಸ್ ತುಂಬಿರುತ್ತದೆ. ಶುಕ್ರವಾರ ಸಂಜೆ ಬಂದದ್ದು ವಾರಾಂತ್ಯದಲ್ಲಿ ಮುಚ್ಚಿಹೋಗುತ್ತದೆ. ಅವೆರಡು ಹೊತ್ತು ತಪ್ಪಿಸಿದರೆ ಸಾಕು.

ಇನ್ನೊಂದು ಲೆಕ್ಕವಿದೆ, ಅದು ನಿಮಗೆ ಗೊತ್ತಿರುವಂಥದ್ದೇ. ನಿಮ್ಮನ್ನು ಇಂಟರ್‌ವ್ಯೂ ಮಾಡಿದವರು ಫೈನಾನ್ಸ್ ಮ್ಯಾನೇಜರ್. 7ಕ್ಕೆ ಟಿಡಿಎಸ್ ಕಟ್ಟಬೇಕು. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವ ಕಂಪನಿಯಾದರೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ನೀವು 5ಕ್ಕೆ ಹೋಗಿ ಬಂದಿರಿ. ಆಮೇಲೆ ಅವರ ಮೇಜಿನ ಮೇಲೆ ಏನೇನು ಬಂದಿರುತ್ತದೆ ಅಂತ ನಿಮ್ಮ ಆಫೀಸಿನ ಅನುಭವದಿಂದಲೇ ಊಹಿಸಬಹುದು, ಅಲ್ವಾ? ಎಚ್‌ಆರ್ ಮೇಡಂ ಒಬ್ಬರೇ ನಿಮಗೆ ಉತ್ತರ ಕೊಡಲು ಆಗುವುದಿಲ್ಲ. ಮ್ಯಾನೇಜರ್ ಫೀಡ್‌ಬ್ಯಾಕ್ ಬರೆದುಕೊಡಬೇಕು. ಸಂಬಳಕ್ಕೆ ಮೇಲಿನವರ ಒಪ್ಪಿಗೆ ಬೇಕು. ಆಮೇಲೆ ಆಫರ್ ಲೆಟರ್. ನಿಮ್ಮ ಫೈಲ್ ಮೊದಲ ಮೆಟ್ಟಿಲಲ್ಲೇ ನಿಂತಿರುವ ಸಾಧ್ಯತೆ ಸಾಕಷ್ಟಿದೆ.

ಸುಮ್ಮನಿರಲು ಇನ್ನೊಂದು ಕಾರಣವೂ ಇರುತ್ತದೆ, ಇದನ್ನು ಅಭ್ಯರ್ಥಿಗಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ನಿಮಗಿಂತ ಜಾಸ್ತಿ ಅನುಭವ ಇರುವ ಒಬ್ಬರಿಗೆ ಮೊದಲು ಆಫರ್ ಹೋಗಿರಬಹುದು. ಅವರು ಹೂಂ ಅನ್ನುವ ತನಕ ಎರಡನೆಯವರಿಗೆ "ಇಲ್ಲ" ಎಂದು ಹೇಳುವುದಿಲ್ಲ, ಬಾಕಿ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಎರಡು ಮೂರು ತಿಂಗಳ ನೋಟಿಸ್ ಪೀರಿಯಡ್ ಇರುವ ಕಂಪನಿಗಳು ಬಹಳ. ಒಪ್ಪಿಕೊಂಡವರು ಆ ಮಧ್ಯೆ ಬೇರೆ ಆಫರ್ ಸಿಕ್ಕಿ ಬರದೇ ಹೋಗುವುದು ಎಚ್‌ಆರ್‌ನವರಿಗೆ ದಿನನಿತ್ಯದ ತಲೆನೋವು. ಹಾಗಾದಾಗ ಅವರು ಮೊದಲು ಫೋನ್ ಮಾಡುವುದು ಎರಡನೆಯವರಿಗೇ. ಆಗ ನೀವು ಇನ್ನೂ ಸಿಗುತ್ತೀರಿ ಅಂತ ಅವರಿಗೆ ಗೊತ್ತಿರಬೇಕು. ಹಾಗಾಗಿ ನಿಮ್ಮ ಗೆಳತಿಯ ಮಾತನ್ನು ನಾನು ಒಪ್ಪುವುದಿಲ್ಲ. ಹೇಳಿದ ದಿನ ದಾಟಿದ ಮೇಲೆ ಒಮ್ಮೆ ಕೇಳುವುದು ಅಂಗಲಾಚುವುದಲ್ಲ. ಮೂರನೆಯದು, ನಿಮ್ಮನ್ನು ಬೇಡವೆಂದು ತೀರ್ಮಾನಿಸಿ ತಿಳಿಸದೇ ಬಿಟ್ಟಿರಬಹುದು. ಅದು ಅವರ ಕಡೆಯ ತಪ್ಪು. ಊರಿಂದ ಬಸ್ಸು ಹತ್ತಿ ಬಂದವರಿಗೆ ಎರಡು ಸಾಲು ಬರೆಯಲಾಗದ್ದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಆದರೆ ಈ ಮೂರರಲ್ಲಿ ಯಾವುದು ಅಂತ ಹೊರಗಿನಿಂದ ತಿಳಿಯುವುದಿಲ್ಲ. ಕೇಳಿಯೇ ತಿಳಿಯಬೇಕು.

ನಿಮ್ಮ ಮೇಲ್‌ನಲ್ಲಿ ಏನು ಸರಿಯಿಲ್ಲ ನೋಡೋಣ. ದಿನಕ್ಕೆ ಹತ್ತಾರು ಜನರ ಜೊತೆ ಮಾತಾಡುವವರಿಗೆ ನೀವು ಯಾರು, ಯಾವ ಹುದ್ದೆ, ಯಾವತ್ತು ಬಂದಿರಿ ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ. "ಇನ್ನೂ ರಿಪ್ಲೈ ಬಂದಿಲ್ಲ" ಅನ್ನುವುದು ದೂರಿನ ಹಾಗೆ ಕೇಳುತ್ತದೆ. ಮನೆಯ ಕಷ್ಟ ನಿಜ ಇರಬಹುದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ಓದಿದವರಿಗೆ ಏನು ಉತ್ತರ ಬರೆಯಬೇಕು ತೋಚುವುದಿಲ್ಲ. ತೋಚದ ಮೇಲ್‌ಗೆ "ಆಮೇಲೆ ಬರೆಯೋಣ" ಅಂತ ಬಿಡುತ್ತಾರೆ. "ಆದಷ್ಟು ಬೇಗ" ಅಂದರೆ ಯಾವಾಗ? ಅದರ ಬದಲು ಒಂದೇ ಸಾಲಿನಲ್ಲಿ ಉತ್ತರಿಸಬಹುದಾದ ಒಂದು ಪ್ರಶ್ನೆ ಕೇಳಿ. ಅವರಿಗೆ ತಿಳಿದಿರಲೇಬೇಕಾದ ಒಂದು ತಾರೀಖು ಕೊಡಿ. ನಿಮ್ಮ ಕೈಯಲ್ಲಿ ನಿಜವಾದ ತಾರೀಖೇ ಇದೆ, 28.

ಇಂಟರ್‌ವ್ಯೂಗೆ ಬನ್ನಿ ಅಂತ ಎಚ್‌ಆರ್ ಮೇಡಂ ಕಳಿಸಿದ ಮೇಲ್ ಇದೆಯಲ್ಲ, ಅದಕ್ಕೇ ರಿಪ್ಲೈ ಮಾಡಿ. ಹಿಂದಿನ ಮಾತುಕತೆಯೆಲ್ಲ ಕೆಳಗೇ ಇರುತ್ತದೆ, ಅವರು ಹುಡುಕಬೇಕಾಗಿಲ್ಲ. ಕಳಿಸಿದ ವಿಳಾಸದಲ್ಲಿ noreply ಅಂತ ಇದ್ದರೆ ಮಾತ್ರ ಮೇಡಂ ಅವರ ಸ್ವಂತ ಆಫೀಸ್ ವಿಳಾಸಕ್ಕೆ ಹೊಸದಾಗಿ ಬರೆಯಿರಿ. ಮ್ಯಾನೇಜರ್ ಅವರನ್ನು ಸಿಸಿಯಲ್ಲಿ ಹಾಕಬೇಡಿ, ಅದು ಎಚ್‌ಆರ್ ಮೇಲೆ ದೂರು ಕೊಟ್ಟ ಹಾಗೆ ಆಗುತ್ತದೆ. ಈ ಇಂಟರ್‌ವ್ಯೂ ಯಾವುದಾದರೂ ಕನ್ಸಲ್ಟೆನ್ಸಿ ಮೂಲಕ ಬಂದಿದ್ದರೆ ಕಂಪನಿಗೆ ನೇರ ಬರೆಯದೆ ಮೊದಲು ಅವರನ್ನೇ ಕೇಳಿ.

ಮೇಲ್ ಹೀಗಿರಲಿ:

> ವಿಷಯ: ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆ, 5ರ ಇಂಟರ್‌ವ್ಯೂ – (ನಿಮ್ಮ ಹೆಸರು)
>
> ನಮಸ್ಕಾರ ಮೇಡಂ,
>
> ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಗೆ ಇದೇ 5ರಂದು ಇಂಟರ್‌ವ್ಯೂಗೆ ಬಂದಿದ್ದೆ. ಮುಂದಿನ ಹಂತದ ಬಗ್ಗೆ 13ರೊಳಗೆ ತಿಳಿಸುವುದಾಗಿ ಹೇಳಿದ್ದಿರಿ. ಈ ಬಗ್ಗೆ ಯಾವಾಗ ತೀರ್ಮಾನ ಆಗಬಹುದು ಎಂದು ತಿಳಿಸುತ್ತೀರಾ?
>
> ಖರೀದಿ ಲೆಕ್ಕವನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವ ಕೆಲಸದ ಬಗ್ಗೆ ಮ್ಯಾನೇಜರ್ ಸರ್ ಕೇಳಿದ್ದರು. ಆ ಕೆಲಸ ನಾನು ಒಂದು ವರ್ಷದಿಂದ ಮಾಡುತ್ತಿದ್ದೇನೆ, ನಿಮ್ಮಲ್ಲಿ ಅದನ್ನು ಮುಂದುವರಿಸಲು ಆಸಕ್ತಿಯಿದೆ.
>
> ಇನ್ನೊಂದು ಕಡೆಯಿಂದ ಕೆಲಸದ ಅವಕಾಶ ಬಂದಿದ್ದು, 28ರೊಳಗೆ ಉತ್ತರ ಹೇಳಬೇಕಿದೆ. ನನ್ನ ಮೊದಲ ಆಯ್ಕೆ ನಿಮ್ಮ ಕಂಪನಿಯೇ ಆದ್ದರಿಂದ ಮೊದಲೇ ತಿಳಿಸುತ್ತಿದ್ದೇನೆ.
>
> ವಂದನೆಗಳು,
> (ಹೆಸರು, ಫೋನ್ ನಂಬರ್)

2ಬಿ ವಿಷಯವನ್ನು ನಾನು ಊಹಿಸಿ ಬರೆದದ್ದು. ಅಲ್ಲಿ ಅವರು ನಿಜವಾಗಿ ಕೇಳಿದ್ದನ್ನು ಹಾಕಿ, ಟ್ಯಾಲಿ ಇರಬಹುದು, ಬ್ಯಾಂಕ್ ತಾಳೆ ಇರಬಹುದು. ಒಂದೇ ವಿಷಯ, ಎರಡು ವಾಕ್ಯ. ಆ ಮುಕ್ಕಾಲು ಗಂಟೆಯಲ್ಲಿ ನಿಮ್ಮನ್ನು ಬೇರೆಯವರಿಂದ ಗುರುತು ಹಚ್ಚುವುದು ಅದೇ. ರೆಸ್ಯೂಮೆ ಮತ್ತೆ ಲಗತ್ತಿಸಬೇಕಾಗಿಲ್ಲ. ಕಂಪನಿಯವರು ನಿಮಗೆ ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಇದನ್ನೇ ಇಂಗ್ಲಿಷ್‌ಗೆ ಇಳಿಸಿ, ವಾಕ್ಯಗಳು ಇಷ್ಟೇ ಚಿಕ್ಕದಿರಲಿ. "ಕೈಂಡ್ಲಿ ಡೂ ದ ನೀಡ್‌ಫುಲ್" ಬೇಡವೇ ಬೇಡ. ಏನು ಮಾಡಬೇಕು ಅನ್ನುವುದನ್ನು ಅದು ಹೇಳುವುದೇ ಇಲ್ಲ.

ಇನ್ನೊಂದು ಕಡೆಯ ಮಾತನ್ನು ನಾನು ಬರೆಯಿರಿ ಅನ್ನುತ್ತಿರುವುದು ಅದು ನಿಜ ಇರುವುದರಿಂದ ಮಾತ್ರ. ಅವರನ್ನು ಅವಸರಪಡಿಸಲು ಯಾರೂ ಇದನ್ನು ಹುಟ್ಟಿಸಿ ಬರೆಯಬಾರದು. ಎಲ್ಲಿ, ಎಷ್ಟು ಸಂಬಳ, ಆಫರ್ ಲೆಟರ್ ಕಳಿಸಿ ಅಂತ ಎಚ್‌ಆರ್ ಕೇಳುವುದು ಮಾಮೂಲು. "ಸರಿ, ಅಲ್ಲೇ ಸೇರಿಕೊಳ್ಳಿ" ಎಂದೂ ಅನ್ನಬಹುದು. ನಿಮ್ಮನ್ನು ಕೇಳಿದರೆ ಇದ್ದದ್ದನ್ನೇ ಹೇಳಿ: ದಾವಣಗೆರೆಯ ಒಂದು ಆಡಿಟರ್ ಆಫೀಸು, ಬಾಯಿಮಾತಿನಲ್ಲಿ ಹೇಳಿದ್ದಾರೆ ಅಂತ. ಈ ತಾರೀಖಿನಿಂದ ಎಚ್‌ಆರ್ ಮೇಡಂಗೂ ಅನುಕೂಲವಿದೆ. ಮ್ಯಾನೇಜರ್ ಹತ್ತಿರ ಹೋಗಿ "ಈ ಅಭ್ಯರ್ಥಿ 28ರ ನಂತರ ಸಿಗಲಿಕ್ಕಿಲ್ಲ" ಅನ್ನಲು ಅವರಿಗೆ ಒಂದು ಕಾರಣ ಸಿಗುತ್ತದೆ.

ಕಳಿಸಿದ ಮೇಲೆ ನಾಳೆ, ನಾಡಿದ್ದು ಏನೂ ಬರಲಿಲ್ಲ ಅಂತ ಗಾಬರಿ ಬೇಡ. 20 ಶುಕ್ರವಾರ, 3ಬಿ ಕೊನೆಯ ದಿನ. "ಫೀಡ್‌ಬ್ಯಾಕ್ ಇನ್ನೂ ಬಂದಿಲ್ಲ" ಎಂಬ ಉತ್ತರ ಬಂದರೆ ಒಳ್ಳೆಯದೇ, ಬಾಗಿಲು ಮುಚ್ಚಿಲ್ಲ ಅಂತ ಅರ್ಥ. "ಧನ್ಯವಾದ ಮೇಡಂ, ಬುಧವಾರ ಒಮ್ಮೆ ಕೇಳಲಾ?" ಎಂದು ಅಲ್ಲೇ ದಿನ ಗೊತ್ತುಮಾಡಿಕೊಳ್ಳಿ. "ಹುದ್ದೆ ಹೋಲ್ಡ್‌ನಲ್ಲಿದೆ" ಎಂದರೆ ಕಂಪನಿ ಆ ಹುದ್ದೆಯ ಖರ್ಚನ್ನು ಸದ್ಯಕ್ಕೆ ತಡೆದಿದೆ ಅಂತ. ಅದು ಯಾವಾಗ ಬಿಡುತ್ತದೋ ಅವರಿಗೂ ಗೊತ್ತಿರುವುದಿಲ್ಲ. ಅಂಥ ಉತ್ತರ ಬಂದರೆ ಅದನ್ನು ನಂಬಿ ಕಾಯಬೇಡಿ.

ಏನೂ ಬರದಿದ್ದರೆ 24ರ ಮಂಗಳವಾರ ಬೆಳಿಗ್ಗೆ ಅದೇ ಮೇಲ್‌ಗೆ ಮತ್ತೆ ರಿಪ್ಲೈ ಮಾಡಿ. ಈ ಸಲ ಎರಡೇ ಸಾಲು: "ನಮಸ್ಕಾರ ಮೇಡಂ, 19ರಂದು ಬರೆದ ಮೇಲ್‌ನ ಬಗ್ಗೆ ಕೇಳುತ್ತಿದ್ದೇನೆ. 27ರ ಸಂಜೆಯೊಳಗೆ ನಿಮ್ಮ ತೀರ್ಮಾನ ತಿಳಿದರೆ ಇನ್ನೊಂದು ಕಡೆ ಉತ್ತರ ಹೇಳಲು ಅನುಕೂಲ." ಹಿಂದಿನದ್ದನ್ನೆಲ್ಲ ಮತ್ತೆ ಬರೆಯಬೇಡಿ.

26ರ ಗುರುವಾರ ಹನ್ನೊಂದರ ಹೊತ್ತಿಗೆ ಒಂದು ಫೋನ್ ಮಾಡಿ. ನಿಮ್ಮ ಅಣ್ಣ ಹೇಳಿದ್ದರಲ್ಲಿ ಈ ಒಂದು ಕರೆಯಷ್ಟನ್ನು ಉಳಿಸಿಕೊಳ್ಳೋಣ. ಆಫೀಸ್ ನಂಬರ್‌ಗೋ, ಇಂಟರ್‌ವ್ಯೂ ತಿಳಿಸಲು ಮೇಡಂ ಯಾವ ನಂಬರ್‌ನಿಂದ ಕರೆದಿದ್ದರೋ ಅದಕ್ಕೋ ಮಾಡಿ. ವಾಟ್ಸ್‌ಆ್ಯಪ್ ಅವರಾಗಿ ಬಳಸಿದ್ದರೆ ಮಾತ್ರ. ಎತ್ತದಿದ್ದರೆ ಅಲ್ಲಿಗೆ ಬಿಡಿ. ಎರಡು ಮೇಲ್, ಒಂದು ಕರೆ ಆದ ಮೇಲೂ ಸುದ್ದಿ ಇಲ್ಲವೆಂದರೆ ನಿಮ್ಮ ಕಡೆಯಿಂದ ಮಾಡುವುದು ಉಳಿದಿಲ್ಲ. ಮೂರನೇ ಮೇಲ್ ಅವರ ತೀರ್ಮಾನವನ್ನು ಬದಲಿಸುವುದಿಲ್ಲ.

ಆಗ 28ಕ್ಕೆ ದಾವಣಗೆರೆಯ ಆಡಿಟರಿಗೆ ಹೂಂ ಅನ್ನಿ. ಎಷ್ಟು ದಿನ ಇರುತ್ತೀಯ ಅಂತ ಅವರು ಕೇಳಿದರೆ, ಬೆಂಗಳೂರಿನಲ್ಲಿ ಒಂದು ಇಂಟರ್‌ವ್ಯೂ ಕೊಟ್ಟಿರುವುದನ್ನು ಮುಚ್ಚಿಡಬೇಡಿ. ಕೆಲಸ ಬಿಡುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು ಅನ್ನುವುದನ್ನೂ ಸೇರುವಾಗಲೇ ಮಾತಾಡಿಕೊಳ್ಳಿ. ಆಮೇಲೆ ಬೆಂಗಳೂರಿನಿಂದ ಕರೆ ಬಂದರೆ ಅಷ್ಟು ದಿನದ ಸಮಯ ಕೇಳಿ ಹೋಗಬಹುದು. ಅದೇ 27ರೊಳಗೆ ಮೇಡಂ ಫೋನ್‌ನಲ್ಲಿ "ನೀವು ಸೆಲೆಕ್ಟ್ ಆಗಿದ್ದೀರಿ" ಅಂದರೆ, ಸಂಬಳ ಮತ್ತು ಸೇರುವ ದಿನ ಬರೆದ ಆಫರ್ ಲೆಟರ್ ಮೇಲ್‌ಗೆ ಬರುವ ತನಕ ಆಡಿಟರಿಗೆ ಬೇಡ ಅನ್ನಬೇಡಿ. ಲೆಟರ್ 28ರೊಳಗೆ ಕೈಸೇರದಿದ್ದರೆ ಅವರ ಹತ್ತಿರ ಇನ್ನೆರಡು ದಿನ ಕೇಳಿ.